ವಾರಾಂತ್ಯದ ಸ್ಟಾಪ್‌ಲಾಸ್‌ಗೆ ATR ಅವಧಿಯನ್ನು 168ಕ್ಕೆ ಬದಲಿಸಿ

ಕ್ರಿಪ್ಟೋ ವ್ಯವಹಾರದಲ್ಲಿ ಶನಿವಾರ ಮತ್ತು ಭಾನುವಾರ ಒಂದು ಗಂಟೆಯ ಚಾರ್ಟ್‌ನಲ್ಲಿ ATR, ಅಂದರೆ ಬೆಲೆಯ ಸರಾಸರಿ ಏರಿಳಿತದ ಅಳತೆ, ನೋಡಿ ಸ್ಟಾಪ್ ಇಡುವವರು ಅದರ ಅವಧಿಯನ್ನು ರೂಢಿಯ 14ರಿಂದ 168ಕ್ಕೆ, ಅಂದರೆ ಒಂದು ಪೂರ್ಣ ವಾರದ ಗಂಟೆಗಳಿಗೆ, ಬದಲಿಸಿಕೊಳ್ಳಿ. ವಾರಾಂತ್ಯದಲ್ಲಿ ವ್ಯವಹಾರ ತಗ್ಗಿ ಕ್ಯಾಂಡಲ್‌ಗಳು ಕಿರಿದಾಗುವುದರಿಂದ 14ರ ATR ಕುಸಿಯುತ್ತದೆ. ಆದರೆ ಅದೇ ಹೊತ್ತಿನಲ್ಲಿ ಆರ್ಡರ್ ಬುಕ್ ತೆಳುವಾಗಿರುವುದರಿಂದ ಒಂದೇ ದೊಡ್ಡ ಮಾರಾಟವೂ ಉದ್ದನೆಯ ಬಾಲವನ್ನು ಎಳೆದು, ಹತ್ತಿರದ ಸ್ಟಾಪ್‌ಗಳನ್ನು ಮುಟ್ಟಿ, ಬೆಲೆಯನ್ನು ಮತ್ತೆ ಮೊದಲಿನ ಜಾಗಕ್ಕೆ ತರಬಲ್ಲದು. ಉದಾಹರಣೆಗೆ, 60,000 ಡಾಲರಿಗೆ ಬಿಟ್‌ಕಾಯಿನ್ ಕೊಂಡಾಗ 14ರ ATR 250 ಮತ್ತು 168ರ ATR 600 ಇದೆ ಎಂದುಕೊಳ್ಳಿ. ಎರಡು ಪಟ್ಟು ATR ದೂರದ ಸ್ಟಾಪ್ ಮೊದಲನೆಯದರಲ್ಲಿ 59,500ಕ್ಕೆ, ಎರಡನೆಯದರಲ್ಲಿ 58,800ಕ್ಕೆ ಬರುತ್ತದೆ. ದೂರ ಹೆಚ್ಚಿದಷ್ಟೂ ಪ್ರಮಾಣವನ್ನು ಇಳಿಸಲೇಬೇಕು, ಇದನ್ನು ದಯವಿಟ್ಟು ಬಿಡಬೇಡಿ: 120 ಡಾಲರ್ ನಷ್ಟಕ್ಕೆ ಸಿದ್ಧರಿದ್ದರೆ 0.24 ಬಿಟ್‌ಕಾಯಿನ್ ಬದಲು 0.1 ಮಾತ್ರ ಕೊಳ್ಳಬೇಕು. ಆ ವಾರವಿಡೀ ಮಾರುಕಟ್ಟೆ ನಿಶ್ಚಲವಾಗಿದ್ದರೆ 168ರ ATR ಕೂಡ ಚಿಕ್ಕದಾಗಿರುವುದರಿಂದ ಈ ಕ್ರಮದಿಂದ ಪ್ರಯೋಜನವಿಲ್ಲ. ದೊಡ್ಡ ಸುದ್ದಿಯಿಂದ ಬೆಲೆ ನಿಜವಾಗಿಯೇ ಕುಸಿದಾಗಲೂ ಇದು ಕಾಪಾಡದು, ಏಕೆಂದರೆ ಸ್ಟಾಪ್ ಮುಟ್ಟಿದೊಡನೆ ಮಾರ್ಕೆಟ್ ಆರ್ಡರ್ ಆಗಿ ಹೋಗುವಾಗ ಬುಕ್‌ನಲ್ಲಿ ಕೊಳ್ಳುವವರು ವಿರಳವಾಗಿದ್ದು, ನೀವು ಲೆಕ್ಕ ಹಾಕಿದ 58,800ಕ್ಕಿಂತ ಸಾಕಷ್ಟು ಕೆಳಗೆ ಮಾರಾಟವಾಗಬಹುದು. ಚಿಕ್ಕ ಆಲ್ಟ್‌ಕಾಯಿನ್‌ಗಳಲ್ಲಿ ಈ ಅಂತರ ಇನ್ನೂ ಹೆಚ್ಚು.