ನಿಕಾಹ್‌ನಾಮ ಇಲ್ಲದೆ ಜರ್ಮನಿ ವೀಸಾ: ಪುಣೆಯಲ್ಲಿ ನಾನು ಮಾಡಿದ್ದು

ಕಳೆದ ತಿಂಗಳು ಒಬ್ಬ ಆಫ್ಘನ್ ತಾಯಿ ಮತ್ತು ಮಗಳಿಗೆ ಜರ್ಮನಿ ವೀಸಾ ಬಂತು, ಅಲ್ಲಿರುವ ಗಂಡನನ್ನು ಸೇರಲು. ಗಂಡ ಜರ್ಮನಿಯಲ್ಲಿ ಮಾನ್ಯತೆ ಪಡೆದ ಆಫ್ಘನ್ ನಿರಾಶ್ರಿತ. ಹೆಂಡತಿ ಚಿಕಿತ್ಸೆಗೆಂದು 2021ರ ಆರಂಭದಲ್ಲಿ ಮಗಳ ಜೊತೆ ಪುಣೆಗೆ ಬಂದವರು. ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನ್ ಕೈಗೆ ಹೋದ ಮೇಲೆ ಇಲ್ಲೇ ಉಳಿದರು. ಮದುವೆಯ ಕರಾರು ಪತ್ರವಾದ ನಿಕಾಹ್‌ನಾಮ ಇದ್ದ ಚೀಲ ಇರಾನ್-ಟರ್ಕಿ ಗಡಿ ದಾಟುವಾಗ ಗಂಡನ ಕೈತಪ್ಪಿತ್ತು. "ನಿಕಾಹ್‌ನಾಮ ಇಲ್ಲದೆ ಈ ಫೈಲ್ ಓಡಲ್ಲ ರೀ" ಎಂದು ಇಲ್ಲಿನ ವಕೀಲ ಗೆಳೆಯರು ಹೇಳಿದ್ದರು. ಓಡಿತು.

ನನ್ನ ಹತ್ತಿರ ಬರುವ ಮೊದಲೇ ಅವರು ಸುಮಾರು ನಲವತ್ತು ಸಾವಿರ ಕಳೆದುಕೊಂಡಿದ್ದರು. ಕಾಬೂಲ್‌ನಿಂದ ಹೊಸ ನಿಕಾಹ್‌ನಾಮ ತರಿಸುತ್ತೇನೆ ಎಂದ ಒಬ್ಬ ಏಜೆಂಟ್ ದುಡ್ಡು ತಿಂದಿದ್ದ. ಆ ಕಾಗದ ಬರದೇ ಇದ್ದದ್ದೇ ಒಳ್ಳೆಯದಾಯಿತು. ಈಗ ಬರೆಸಿದ ಕಾಗದ ಗಂಡ ಮೊದಲು ಹೇಳಿದ ಮಾತಿಗೆ ಹೊಂದದಿದ್ದರೆ ಇಡೀ ಫೈಲ್ ಮೇಲೆ ಅನುಮಾನ ಬರುತ್ತದೆ. ನೆಂಟರ ನಾಲ್ಕು ಅಫಿಡವಿಟ್‌ಗಳೂ ಇದ್ದವು. ನಾಲ್ಕರಲ್ಲೂ ಒಂದೇ ವಾಕ್ಯ. ಅಂಥದ್ದನ್ನು ಯಾವ ಅಧಿಕಾರಿ ನಂಬುತ್ತಾರೆ?

ಮೊದಲ ಅರ್ಜಿಗೆ ಬಂದ ತಕರಾರು ದೊಡ್ಡದೇ. ಮದುವೆ 2014ರ ಮಾರ್ಚ್‌ನಲ್ಲಿ, ಮಗು ಹುಟ್ಟಿದ್ದು 2014ರ ಜನವರಿಯಲ್ಲಿ ಎಂದು ಗಂಡನ ಆಶ್ರಯ ಸಂದರ್ಶನದಲ್ಲಿ ದಾಖಲಾಗಿತ್ತು. ಮಗಳ ಪಾಸ್‌ಪೋರ್ಟ್‌ನಲ್ಲಿ ಇದ್ದದ್ದು 2015ರ ಜನವರಿ. ಅಂದರೆ ಮದುವೆಯೂ ಅನುಮಾನ, ಮಗುವೂ ಅನುಮಾನ.

ನಾನು ಗಂಡನಿಗೆ ಫೋನ್ ಮಾಡಿ, ಇಂಗ್ಲಿಷ್ ತಾರೀಖು ಬಿಟ್ಟು ನಿಮ್ಮ ಕ್ಯಾಲೆಂಡರ್‌ನಲ್ಲೇ ಹೇಳಿ ಎಂದೆ. ನಿಕಾಹ್ 1393ರ ಹಮಲ್ 5, ಮಗು 1393ರ ಜದಿ 15 ಎಂದರು. ಆಫ್ಘನ್ ಸೌರ ವರ್ಷ ಮಾರ್ಚ್ 21ರ ಹೊತ್ತಿಗೆ ಹಮಲ್ ತಿಂಗಳಿಂದ ಶುರು. ಜದಿ ಹತ್ತನೇ ತಿಂಗಳು, ಡಿಸೆಂಬರ್ 22ರ ಸುಮಾರಿಗೆ ಬರುತ್ತದೆ. ಹಾಗಾಗಿ ಇಂಗ್ಲಿಷ್ ವರ್ಷ ತಿಳಿಯಲು 1393ರಲ್ಲಿ ಜದಿ 10ರವರೆಗೆ 621 ಕೂಡಿಸಬೇಕು, ಆಮೇಲಿನ ದಿನಗಳಿಗೆ 622. ಆಶ್ರಯ ಸಂದರ್ಶನದ ದುಭಾಷಿ ಎರಡಕ್ಕೂ 621 ಕೂಡಿಸಿದ್ದರು. ಸರಿಯಾಗಿ ಎಣಿಸಿದರೆ ನಿಕಾಹ್ 25 ಮಾರ್ಚ್ 2014, ಮಗು 5 ಜನವರಿ 2015. ಒಂಬತ್ತು ತಿಂಗಳು ದಾಟಿದೆ, ಪಾಸ್‌ಪೋರ್ಟಿಗೂ ಹೊಂದುತ್ತದೆ. ಒಂದು ಪುಟದ ಲೆಕ್ಕ ಬರೆದು, ಸಂದರ್ಶನದ ಬರಹದ ಪ್ರತಿಯ ಜೊತೆ ಲಗತ್ತಿಸಿದೆ. ಆಫ್ಘನ್ ಫೈಲ್ ಕೈಗೆ ಬಂದರೆ ನಾನು ಈಗ ಮೊದಲು ನೋಡುವುದು ಜದಿ, ದಲ್ವ್, ಹೂತ್ ಈ ಕೊನೆಯ ಮೂರು ತಿಂಗಳ ತಾರೀಖುಗಳನ್ನೇ.

ಇನ್ನು ಮದುವೆ. ಡಿಎನ್‌ಎ ಮಾಡಿಸಿ ಎಂದು ಎಲ್ಲರೂ ಹೇಳುತ್ತಿದ್ದರು. ಅದು ಮಗು ಯಾರದ್ದು ಎಂದು ಹೇಳುತ್ತದೆ, ಮದುವೆ ಆಗಿದೆಯೋ ಇಲ್ಲವೋ ಹೇಳುವುದಿಲ್ಲ ಅಲ್ವಾ? ನಾನು ಹುಡುಕಿದ್ದು ವೀಸಾದ ಯೋಚನೆಯೇ ಇಲ್ಲದ ಕಾಲದಲ್ಲಿ, ಬೇರೆಯವರು, ಬೇರೆ ಕಾರಣಕ್ಕೆ ಬರೆದ ಕಾಗದ. 2018ರಲ್ಲಿ ಇದೇ ದಂಪತಿ ಚಿಕಿತ್ಸೆಗೆ ಪುಣೆಗೆ ಬಂದು ಹೋಗಿದ್ದರು. ಆಸ್ಪತ್ರೆಯ ಹಳೆ ಫೈಲಿನಲ್ಲಿ ಆಪರೇಷನ್ ಒಪ್ಪಿಗೆ ಪತ್ರ ಸಿಕ್ಕಿತು. ಅದರಲ್ಲಿ ಸಂಬಂಧ 'ಗಂಡ' ಎಂದು ಬರೆದು ಅವರ ಸಹಿ ಇತ್ತು. ಆಗ ವಿದೇಶಿಯರನ್ನು ಉಳಿಸಿಕೊಂಡವರು 24 ಗಂಟೆಯೊಳಗೆ ಅವರ ವಿವರವನ್ನು ಫಾರ್ಮ್ ಸಿಯಲ್ಲಿ ವಿದೇಶಿಯರ ನೋಂದಣಿ ಕಚೇರಿಗೆ ಕಳಿಸಬೇಕಿತ್ತು. ಅವರು ಉಳಿದಿದ್ದ ಲಾಡ್ಜ್ ನಮ್ಮ ಕುಂದಾಪುರ ಕಡೆಯವರದ್ದು. "ವಕೀಲ್ರೇ, ಹಳೇದೆಲ್ಲ ಅಟ್ಟದ ಮೇಲಿದೆ, ಬೇಕಾದರೆ ಹುಡುಕಿ" ಎಂದರು. ಇಬ್ಬರ ಫಾರ್ಮ್ ಸಿ ಪ್ರಿಂಟ್, ಒಂದೇ ರೂಮ್ ನಂಬರ್ ಇರುವ ರಿಜಿಸ್ಟರ್ ಪುಟ ಎರಡೂ ಸಿಕ್ಕವು. ಆಸ್ಪತ್ರೆಯಿಂದ ಅಷ್ಟು ಹಳೆ ಫೈಲ್ ಹೇಗೆ ತೆಗೆಸಿದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಮಧ್ಯೆ ಫೋಟೋಗಳ ಪ್ರಯೋಗವೂ ನಡೆಯಿತು. ವಾಟ್ಸಾಪ್‌ನಲ್ಲಿ ಬಂದ ಫೋಟೋಗಳಲ್ಲಿ ತೆಗೆದ ದಿನ, ಜಾಗದ ಮಾಹಿತಿ ಉಳಿದಿರಲಿಲ್ಲ, ಸುಮ್ನೆ ವಾರಗಟ್ಟಲೆ ಹೋಯಿತು. ಆಮೇಲೆ ಹೆಂಡತಿಯ ಹಳೆ ಫೋನಿನ ಮೆಮೊರಿ ಕಾರ್ಡ್‌ನಲ್ಲಿ ಮೂಲ ಫೈಲ್‌ಗಳು ಸಿಕ್ಕವು. ವರ್ಷಕ್ಕೊಂದರಂತೆ ಆರಿಸಿ ಇಟ್ಟೆ. ಜಾಸ್ತಿ ಕೊಟ್ಟರೆ ಯಾರೂ ನೋಡುವುದಿಲ್ಲ.

ಅರ್ಜಿಯ ಜೊತೆಗಿನ ಪತ್ರದಲ್ಲಿ, ಕುಟುಂಬ ಒಂದುಗೂಡಿಸುವ ಕುರಿತ ಐರೋಪ್ಯ ಒಕ್ಕೂಟದ 2003/86 ನಿರ್ದೇಶನದ 11(2)ನೇ ವಿಧಿಯನ್ನು ಹಾಕಿದೆ. ನಿರಾಶ್ರಿತರ ಬಳಿ ದಾಖಲೆ ಇಲ್ಲ ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸುವಂತಿಲ್ಲ, ಬೇರೆ ಪುರಾವೆ ನೋಡಬೇಕು ಎನ್ನುತ್ತದೆ ಅದು. ಆದರೆ ಆ ವಿಧಿ ಬಾಗಿಲು ತೆರೆಸುತ್ತದೆ ಅಷ್ಟೆ, ಒಳಗೆ ಇಡಲು ಪುರಾವೆ ಬೇಕೇ ಬೇಕು. ಅದೃಷ್ಟಕ್ಕೆ ಗಂಡ ಮಾನ್ಯತೆ ಸಿಕ್ಕ ಮೂರು ತಿಂಗಳೊಳಗೆ ಅಲ್ಲಿಂದಲೇ ಅರ್ಜಿ ಹಾಕಿಟ್ಟಿದ್ದರು. ಆದ್ದರಿಂದ ಆದಾಯ, ಮನೆಯ ಅಳತೆಯ ಷರತ್ತು ಬೀಳಲಿಲ್ಲ.

ಕೊನೆಗೆ ಡಿಎನ್‌ಎ ಕೇಳಲೇ ಇಲ್ಲ. ಅನುವಾದ, ನೋಟರಿ, ಮುಂಬೈ ಓಡಾಟ ಸೇರಿ ಖರ್ಚು ನೆನಪಿದ್ದಂತೆ ಅರವತ್ತು ಸಾವಿರದ ಆಸುಪಾಸು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಅನುವಾದಕ್ಕೇ ಹೋಯಿತು. ಈಗ ಉಳಿದಿರುವುದು ಇಲ್ಲಿಂದ ಹೊರಡಲು ಎಕ್ಸಿಟ್ ಪರ್ಮಿಟ್. ಅರ್ಜಿ ಹಾಕಿದ್ದೇವೆ.