ಉದ್ಯೋಗ ಪ್ರಕಟಣೆಯಲ್ಲಿ ‘ಅವನು’ ಎಲ್ಲೆಲ್ಲಿ ಅಡಗಿರುತ್ತಾನೆ?

ಬೆಂಗಳೂರಿನ ಒಂದು ಖಾಸಗಿ ಶಾಲೆಯ ಗೇಟಿಗೆ ಈ ಪ್ರಕಟಣೆ ಅಂಟಿಸಿದ್ದಾರೆ ಎಂದುಕೊಳ್ಳಿ:

‘ಬೇಕಾಗಿದ್ದಾರೆ: ಗಣಿತ ಶಿಕ್ಷಕಿ, ಬಸ್ ಚಾಲಕ, ಆಫೀಸ್ ಬಾಯ್. ಚಾಲಕನು ಭಾರಿ ವಾಹನದ ಲೈಸೆನ್ಸ್ ಹೊಂದಿದವನಾಗಿರಬೇಕು. ಆಫೀಸ್ ಕೆಲಸಕ್ಕೆ ಗಟ್ಟಿಮುಟ್ಟಾದ ಹುಡುಗನಿಗೆ ಆದ್ಯತೆ.’

ಇಷ್ಟರಲ್ಲೇ ಆರು ಕಡೆ ಗಂಡೋ ಹೆಣ್ಣೋ ತೀರ್ಮಾನವಾಗಿಹೋಗಿದೆ. ಬರೆದವರಿಗೆ ಆ ಉದ್ದೇಶ ಇಲ್ಲದಿದ್ದರೂ ಓದಿದವರು ಹಾಗೇ ತಿಳಿಯುತ್ತಾರೆ. ಒಂದೇ ಬಗೆಯ ಕೆಲಸಕ್ಕೆ ನೇಮಿಸಿಕೊಳ್ಳುವಾಗ ಲಿಂಗಭೇದ ಕೂಡದು ಎಂದು 2019ರ ವೇತನ ಸಂಹಿತೆಯ 3ನೇ ಸೆಕ್ಷನ್ ಹೇಳುವುದರಿಂದ, ಇದು ಬರೀ ಶೈಲಿಯ ಮಾತಲ್ಲ.

ಮೊದಲು ಹುದ್ದೆಯ ಹೆಸರು

ಕನ್ನಡದಲ್ಲಿ ಸುಲಭದ ದಾರಿ ‘-ರು’. ಚಾಲಕ, ಚಾಲಕಿ ಇಬ್ಬರೂ ‘ಚಾಲಕರು’ ಎಂಬಲ್ಲಿ ಸೇರುತ್ತಾರೆ. ಇರುವುದು ಒಂದೇ ಹುದ್ದೆಯಾದರೆ ‘ಚಾಲಕರು – 1’ ಎಂದು ಬರೆಯಲು ಕೆಲವರಿಗೆ ಮುಜುಗರ. ‘ಚಾಲಕರ ಹುದ್ದೆ: 1’ ಎಂದರೆ ಆಯಿತು. ಆದರೆ ‘ಶಿಕ್ಷಕರು ಮತ್ತು ಶಿಕ್ಷಕಿಯರು’ ಎಂದು ಜೋಡಿಸಬೇಡಿ. ಪಕ್ಕದಲ್ಲಿ ‘ಶಿಕ್ಷಕಿಯರು’ ಬಂದ ಕೂಡಲೇ ‘ಶಿಕ್ಷಕರು’ ಬರೀ ಗಂಡಸರಾಗಿಬಿಡುತ್ತಾರೆ. ‘ಚಾಲಕ/ಕಿ’ ಎಂಬ ಗೀಟಿನ ಬರಹವೂ ಬೇಡ. ಗಟ್ಟಿಯಾಗಿ ಓದಲು ಬರುವುದಿಲ್ಲ, ಎರಡರಲ್ಲೂ ಸೇರದವರು ಹೊರಗುಳಿಯುತ್ತಾರೆ.

‘-ರು’ ಸೇರಿಸಿದರೂ ಸರಿಹೋಗದ ಪದಗಳಿವೆ: ಆಫೀಸ್ ಬಾಯ್, ವಾಚ್‌ಮನ್, ಸೇಲ್ಸ್‌ಗರ್ಲ್, ಆಯಾ, ಸ್ವಾಗತಕಾರಿಣಿ. ಇಲ್ಲಿ ವ್ಯಕ್ತಿಯನ್ನು ಬಿಟ್ಟು ಕೆಲಸದ ಹೆಸರು ಹಿಡಿಯಿರಿ: ಕಚೇರಿ ಸಹಾಯಕರು, ಕಾವಲು ಸಿಬ್ಬಂದಿ, ಮಾರಾಟ ಸಿಬ್ಬಂದಿ, ಮಕ್ಕಳ ಆರೈಕೆ ಸಹಾಯಕರು, ರಿಸೆಪ್ಷನಿಸ್ಟ್. ಡ್ರೈವರ್, ಕಂಡಕ್ಟರ್, ಟೈಲರ್, ಆಪರೇಟರ್ ಇವುಗಳಿಗೆ ಕನ್ನಡದಲ್ಲಿ ಲಿಂಗದ ಗುರುತಿಲ್ಲ, ಇದ್ದಂತೆ ಬಳಸಬಹುದು. ಅಧಿಕಾರಿ, ಅಭ್ಯರ್ಥಿ ಕೂಡ ಹಾಗೆಯೇ.

ಹುದ್ದೆ ನಿಜವಾಗಿಯೂ ಮಹಿಳೆಯರಿಗೇ ಮೀಸಲಾಗಿದ್ದರೆ ಅದನ್ನು ‘-ಕಿ’ಯಲ್ಲಿ ಬಚ್ಚಿಡದೆ ‘ಈ ಹುದ್ದೆ ಮಹಿಳೆಯರಿಗೆ ಮೀಸಲು’ ಎಂದು ಬಿಡಿಸಿ ಬರೆಯಿರಿ.

ಆಮೇಲೆ ಕರ್ತವ್ಯದ ಸಾಲು

ಹೆಚ್ಚಿನವರು ಎಡವುವುದು ಇಲ್ಲಿ. ಶೀರ್ಷಿಕೆಯಲ್ಲಿ ‘ಚಾಲಕರು’ ಎಂದು ತಿದ್ದಿ, ಕೆಳಗೆ ‘ಹೊಂದಿದವನಾಗಿರಬೇಕು’ ಎಂಬುದನ್ನು ಹಾಗೇ ಉಳಿಸಿರುತ್ತಾರೆ. ‘ಮಾಡುತ್ತಾನೆ’, ‘ಮಾಡುತ್ತಾಳೆ’ಗಳಲ್ಲಿ ಲಿಂಗವಿದೆ, ‘ಬೇಕು, ಬಹುದು, ಕೂಡದು, ತಕ್ಕದ್ದು’ಗಳಲ್ಲಿ ಇಲ್ಲ. ಕರ್ತವ್ಯವನ್ನು ಇವುಗಳಲ್ಲೇ ಮುಗಿಸಿದರೆ ಕರ್ತೃಪದವೇ ಬೇಕಾಗುವುದಿಲ್ಲ: ‘ಭಾರಿ ವಾಹನದ ಲೈಸೆನ್ಸ್ ಇರಬೇಕು’. ‘ಕನ್ನಡ ಬಲ್ಲವನಾಗಿರಬೇಕು’ ಎಂಬುದಕ್ಕೆ ‘ಕನ್ನಡ ಓದಲು, ಬರೆಯಲು ಬರಬೇಕು’ ಸಾಕು. ‘ಅವನ ಅರ್ಜಿ ತಿರಸ್ಕರಿಸಲಾಗುವುದು’ ಎಂಬಲ್ಲಿ ‘ಅವನ’ ಹೊಡೆದುಹಾಕಿ, ಅರ್ಥ ಕೆಡುವುದಿಲ್ಲ.

‘ಗಟ್ಟಿಮುಟ್ಟಾದ ಹುಡುಗ’ ಎಂಬುದನ್ನು ‘ಗಟ್ಟಿಮುಟ್ಟಾದವರು’ ಎಂದು ಬದಲಿಸಿದರೆ ಅರ್ಧ ಕೆಲಸವಷ್ಟೇ. ಏನು ಮಾಡಿಸಬೇಕೆಂದಿದ್ದೀರೋ ಅದನ್ನೇ ಅಳತೆ ಸಮೇತ ಹೇಳಿ. ತಿದ್ದಿದ ಪ್ರಕಟಣೆ ಹೀಗಾಗುತ್ತದೆ:

‘ಬೇಕಾಗಿದ್ದಾರೆ: ಗಣಿತ ಶಿಕ್ಷಕರು, ಬಸ್ ಚಾಲಕರು, ಕಚೇರಿ ಸಹಾಯಕರು (ತಲಾ 1 ಹುದ್ದೆ). ಚಾಲಕರಿಗೆ ಭಾರಿ ವಾಹನದ ಲೈಸೆನ್ಸ್ ಇರಬೇಕು. ಕಚೇರಿ ಸಹಾಯಕರು 15 ಕೆ.ಜಿ.ವರೆಗಿನ ಪುಸ್ತಕದ ಪೆಟ್ಟಿಗೆಗಳನ್ನು ಮೊದಲ ಮಹಡಿಗೆ ಒಯ್ಯಬೇಕಾಗುತ್ತದೆ.’

ಅರ್ಜಿ ನಮೂನೆ

‘ಶ್ರೀ/ಶ್ರೀಮತಿ/ಕುಮಾರಿ’ ತೆಗೆದು ‘ಹೆಸರು’ ಎಂದಷ್ಟೇ ಇಡಿ. ಹೆಣ್ಣಿನ ಮದುವೆಯ ವಿಚಾರವನ್ನು ಹೆಸರಿನ ಮುಂದೆಯೇ ಕೇಳುವ ಅಗತ್ಯವಿಲ್ಲ. ‘ತಂದೆ/ಪತಿಯ ಹೆಸರು’ ಎಂಬಲ್ಲಿ ‘ತಂದೆ, ತಾಯಿ ಅಥವಾ ಪೋಷಕರ ಹೆಸರು’ ಸಾಕು. ಕೊನೆಯ ಘೋಷಣೆಯಲ್ಲಿ ‘ಇವರ ಮಗನಾದ ನಾನು’ ಎಂದಿದ್ದರೆ ಆ ಭಾಗ ಬಿಡಿ. ‘ನಾನು ದೃಢೀಕರಿಸುತ್ತೇನೆ’ ಎಂಬ ಕ್ರಿಯಾಪದದಲ್ಲಿ ಹೇಗೂ ಲಿಂಗವಿಲ್ಲ.

‘ಲಿಂಗ’ದ ಕಾಲಂ ಬೇರೆಯೇ ವಿಷಯ. ಮೀಸಲಾತಿ ಲೆಕ್ಕಕ್ಕೆ ಅದು ಬೇಕಾಗುತ್ತದೆ: ಕರ್ನಾಟಕ ಸರ್ಕಾರ 2021ರಲ್ಲಿ ರಾಜ್ಯದ ನಾಗರಿಕ ಸೇವೆಗಳಲ್ಲಿ ತೃತೀಯ ಲಿಂಗಿಗಳಿಗೆ ಶೇ 1 ಮೀಸಲಾತಿ ಕೊಟ್ಟಿತು. ಕಾಲಂ ಇಟ್ಟರೆ ‘ಪುರುಷ / ಮಹಿಳೆ / ತೃತೀಯ ಲಿಂಗಿ’ ಮೂರೂ ಇರಲಿ. ಯಾವ ಲೆಕ್ಕಕ್ಕೂ ಬೇಡವಾದರೆ ಕಾಲಮ್ಮನ್ನೇ ಬಿಡಿ.

ಕೊನೆಗೆ ಹುಡುಕಾಟ

ಕಣ್ಣಳತೆ ನಂಬಬೇಡಿ. ಕಡತದಲ್ಲಿ ‘ವನು’, ‘ವನಿಗೆ’, ‘ವನಾಗಿ’, ‘ಕನು’, ‘ವಳು’ ಇವನ್ನು ಒಂದೊಂದಾಗಿ ಹುಡುಕಿ. ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ಕಡತವಾದರೆ ಯೂನಿಕೋಡ್‌ನಲ್ಲಿ ಹುಡುಕಿದಾಗ ಏನೂ ಸಿಗುವುದಿಲ್ಲ. ಎಲ್ಲ ಸರಿಯಿದೆ ಎಂದು ಬೀಗದೆ, ಮೊದಲು ಕಡತವನ್ನು ಯೂನಿಕೋಡ್‌ಗೆ ಬದಲಿಸಿಕೊಂಡು ಮತ್ತೆ ಹುಡುಕಿ.