ಬರೀ ‘ನಮಸ್ಕಾರ’ ಇದ್ದ ಟಿಕೆಟ್

ನಾನು ಬಿಲ್ಲಿಂಗ್ ಸಾಫ್ಟ್‌ವೇರ್ ಒಂದರ ಸಪೋರ್ಟ್‌ನಲ್ಲಿ ಕೆಲಸ ಮಾಡುತ್ತೇನೆ. ಗ್ರಾಹಕರು ಮೇಲ್‌ನಲ್ಲಿ ಕಳಿಸುವ ಪ್ರತಿ ದೂರೂ ನಮಗೆ ಒಂದು ಟಿಕೆಟ್ ಆಗಿ ಬರುತ್ತದೆ. ಒಂದು ಬೆಳಿಗ್ಗೆ ಬಂದ ಟಿಕೆಟ್‌ನಲ್ಲಿ ‘ನಮಸ್ಕಾರ ಸರ್,’ ಅನ್ನೋದು ಬಿಟ್ಟರೆ ಏನೂ ಇರಲಿಲ್ಲ. ಇಂಥದ್ದಕ್ಕೆ ‘ದಯವಿಟ್ಟು ವಿವರ ಕಳಿಸಿ’ ಎಂಬ ಸಿದ್ಧ ಉತ್ತರ ಒತ್ತುವುದು ಸುಲಭ. ಆದರೆ ಕಳಿಸಿದವರು ಆಗಲೇ ಎಲ್ಲಾ ಬರೆದಿದ್ದರೆ? ಅವರಿಗೆ ಸಿಟ್ಟು ಬರುವುದು ಸಹಜ, ಅಲ್ವಾ?

ಮೊದಲು ಸಬ್ಜೆಕ್ಟ್ ನೋಡಿದೆ. `Fwd: Bill print` ಅಂತ ಇತ್ತು. ಆ `Fwd:` ನೋಡಿದ ಕೂಡಲೇ ಅನುಮಾನ ಬಂತು. ಒಂದೇ ಮೇಲ್ ಎಳೆಯಲ್ಲಿ ಉತ್ತರಗಳು ಹೋಗಿ ಬರುವಾಗ ಹಳೆಯ ಮಾತು ಮತ್ತೆ ಮತ್ತೆ ಕಾಣಿಸಬಾರದು ಅಂತ ಟಿಕೆಟ್ ನಿಭಾಯಿಸುವ ನಮ್ಮ ಹೆಲ್ಪ್‌ಡೆಸ್ಕ್ ಸಾಫ್ಟ್‌ವೇರ್ ಅದನ್ನು ಕತ್ತರಿಸುತ್ತದೆ. `Forwarded message` ಅಥವಾ `Original Message` ಎಂಬ ಸಾಲು ಸಿಕ್ಕರೆ ಅಲ್ಲಿಂದ ಕೆಳಗಿನದೆಲ್ಲ ಹೋಗುತ್ತದೆ. ಫಾರ್ವರ್ಡ್ ಮಾಡಿದ ಮೇಲ್‌ನಲ್ಲಿ ವಿಷಯ ಇರುವುದೇ ಆ ಸಾಲಿನ ಕೆಳಗೆ.

ಟಿಕೆಟ್‌ನ ಮೆನುವಿನಿಂದ ಮೂಲ ಮೇಲ್ ತೆರೆದೆ. ಅಲ್ಲಿ ಕಂಡಿದ್ದು `4LKo4LKu` ಅಂತ ಶುರುವಾಗುವ ಅರ್ಥವಾಗದ ಅಕ್ಷರಗಳ ರಾಶಿ. ಇದನ್ನು ನೋಡಿ ಮೇಲ್ ಕೆಟ್ಟಿದೆ ಅಂದುಕೊಳ್ಳಬಾರದು. ಕನ್ನಡದ ಮೇಲ್ ಸಾಮಾನ್ಯವಾಗಿ ಬೇಸ್64 ಎಂಬ, ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಿಗೆ ಬದಲಿಸಿದ ರೂಪದಲ್ಲಿ ಸಾಗುತ್ತದೆ. ‘ನಮಸ್ಕಾರ’ದ ಮೊದಲೆರಡು ಅಕ್ಷರಗಳು ಆ ರೂಪದಲ್ಲಿ ಹೀಗೇ ಕಾಣುತ್ತವೆ. ಗಮನಿಸಬೇಕಾದ್ದು ಉದ್ದ. ಬರೀ ನಮಸ್ಕಾರವಾದರೆ ಒಂದು ಸಾಲಿನಲ್ಲಿ ಮುಗಿಯಬೇಕಿತ್ತು. ಇಲ್ಲಿ ಪುಟಗಟ್ಟಲೆ ಇತ್ತು.

ಮೂಲವನ್ನು `.eml` ಫೈಲ್ ಆಗಿ ಇಳಿಸಿ ಮೇಲ್ ಆಪ್‌ನಲ್ಲಿ ತೆರೆದೆ. ಅಂಗಡಿಯ ಹುಡುಗ ಮಾಲೀಕರಿಗೆ ಬರೆದ ಮೇಲ್ ಪೂರ್ತಿ ಸಿಕ್ಕಿತು: ಬಿಲ್ ಪ್ರಿಂಟ್ ಮಾಡಿದರೆ ಕೊನೆಯಲ್ಲಿ ಒಟ್ಟು ಮೊತ್ತದ ಸಾಲೇ ಬರುತ್ತಿಲ್ಲ, ಹಿಂದಿನ ದಿನ ಪ್ರಿಂಟರ್ ಬದಲಿಸಿದ್ದೇವೆ. ಅದನ್ನು ಟಿಕೆಟ್‌ನೊಳಗೆ ನಮ್ಮವರಿಗಷ್ಟೇ ಕಾಣುವ ನೋಟ್ ಆಗಿ ಅಂಟಿಸಿದೆ. ಮುಂದೆ ನೋಡುವವರು ಮತ್ತೆ ಹುಡುಕುವುದು ತಪ್ಪುತ್ತದೆ.

ಮಾಲೀಕರಿಗೆ ಹೀಗೆ ಬರೆದೆ: “ನಮಸ್ಕಾರ ಸರ್. ನಿಮ್ಮ ಹುಡುಗ ಬರೆದ ಮೇಲ್ ಓದಿದೆ. ಹೊಸ ಪ್ರಿಂಟರ್‌ನ ಕಾಗದದ ಅಳತೆ ಎ4 ಇದೆಯೋ ಎ5 ಇದೆಯೋ ನೋಡಿ ಹೇಳ್ತೀರಾ?” ಎ5 ಇದೆ ಅಂದರು. ನಮ್ಮ ಬಿಲ್ ನಮೂನೆ ಎ4 ಅಳತೆಯದು. ಚಿಕ್ಕ ಕಾಗದದಲ್ಲಿ ಕೊನೆಯ ಸಾಲು ಹಿಡಿಯುತ್ತಿರಲಿಲ್ಲ. ನಮೂನೆಯನ್ನು ಎ5ಗೆ ಬದಲಿಸಿದ ಮೇಲೆ ಮೊತ್ತ ಸರಿಯಾಗಿ ಬಂತು.

ಮೂಲದಲ್ಲೂ ನಿಜಕ್ಕೂ ಏನೂ ಇಲ್ಲದಿದ್ದರೆ ಗ್ರಾಹಕರ ಹಳೆಯ ಟಿಕೆಟ್ ನೋಡುತ್ತೇನೆ. ಆದರೆ ಅದರಿಂದ ಊಹಿಸಿ ಪರಿಹಾರ ಕಳಿಸುವುದಿಲ್ಲ. “ನಿಮ್ಮ ಮೇಲ್‌ನಲ್ಲಿ ನಮಸ್ಕಾರ ಮಾತ್ರ ನಮಗೆ ತಲುಪಿದೆ. ಯಾವ ಪರದೆಯಲ್ಲಿ ಕೆಲಸ ನಿಂತಿತು?” ಅಂತ ಒಂದೇ ಪ್ರಶ್ನೆ ಕೇಳಿ, ಟಿಕೆಟ್ ಅನ್ನು ಗ್ರಾಹಕರ ಉತ್ತರಕ್ಕೆ ಕಾಯುವ ಸ್ಥಿತಿಗೆ ಹಾಕುತ್ತೇನೆ. ಫೋನ್ ನಂಬರ್ ಇದ್ದರೆ ಕರೆಯನ್ನೂ ಮಾಡುತ್ತೇನೆ.

ಕತ್ತರಿಸುವ ನಿಯಮ ಹೊಸ ಟಿಕೆಟ್‌ನ ಮೊದಲ ಮೇಲ್‌ಗೆ ಬೇಡ, ನಂತರದ ಉತ್ತರಗಳಿಗೆ ಮಾತ್ರ ಇರಲಿ ಅಂತ ಅಡ್ಮಿನ್‌ಗೆ ಹೇಳಿ ಸೆಟ್ಟಿಂಗ್ ಬದಲಿಸಿದೆವು. ಆಮೇಲೆ ನಾನೇ ಒಂದು ಮೇಲ್ ಫಾರ್ವರ್ಡ್ ಮಾಡಿ ನೋಡಿದೆ. ಪೂರ್ತಿ ಬಂತು.